ರೇಷಿಯೊ ಬ್ಯಾಕ್‌ಸ್ಪ್ರೆಡ್: ದೊಡ್ಡ ಓಟಕ್ಕೆ ಕಾಯುವ ಮೊದಲು ಡೆಡ್ ಝೋನ್ ಅಳೆಯಿರಿ

ನನ್ನ ಮೊದಲ ಕಾಲ್ ಬ್ಯಾಕ್‌ಸ್ಪ್ರೆಡ್‌ನಲ್ಲಿ ದಿಕ್ಕು ಸರಿಯಾಗಿಯೇ ಇತ್ತು. ಶೇರು ಏರುತ್ತದೆ ಅಂದುಕೊಂಡೆ, ಏರಿತು. ಆದರೆ ನಿಧಾನವಾಗಿ ಏರಿತು. ಎಕ್ಸ್‌ಪೈರಿ ದಿನ ಬೆಲೆ ನಾನು ಕೊಂಡಿದ್ದ ಸ್ಟ್ರೈಕ್‌ನ ಪಕ್ಕದಲ್ಲೇ ಬಂದು ನಿಂತಿತು. ಆ ಪೊಸಿಷನ್‌ನಲ್ಲಿ ಆಗಬಹುದಾದ ಅತಿ ದೊಡ್ಡ ನಷ್ಟ ಅವತ್ತು ನನಗಾಯಿತು. ಬೆಲೆ ಬಿದ್ದಿದ್ದರೆ ಏನೂ ಹೋಗುತ್ತಿರಲಿಲ್ಲ.

ಬೆಲೆ ಬಿದ್ದರೂ ಪರವಾಗಿಲ್ಲ, ತುಂಬಾ ಏರಿದರೆ ಲಾಭ, ಸ್ವಲ್ಪ ಏರಿದರೆ ಮಾತ್ರ ಪೆಟ್ಟು. ಬ್ಯಾಕ್‌ಸ್ಪ್ರೆಡ್ ಅಂದರೆ ಇಷ್ಟೇ. ಆ "ಸ್ವಲ್ಪ ಏರಿದರೆ" ಎಂಬ ಜಾಗಕ್ಕೆ ಡೆಡ್ ಝೋನ್ ಅನ್ನುತ್ತಾರೆ. ಅದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾವಾಗ ಬಾಯಿ ತೆರೆಯುತ್ತದೆ ಅನ್ನುವುದು ಗೊತ್ತಿಲ್ಲದೆ ಆರ್ಡರ್ ಹಾಕಬಾರದು. ಕಾಲ್, ಪುಟ್, ಸ್ಟ್ರೈಕ್, ಪ್ರೀಮಿಯಂ ಇವೆಲ್ಲ ನಿಮಗೆ ಗೊತ್ತು ಎಂದುಕೊಂಡು ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ.

ಮೊದಲು ಪೊಸಿಷನ್ ಬಿಡಿಸಿ ನೋಡಿ

ಶೇರಿನ ಬೆಲೆ 1000. ಎಕ್ಸ್‌ಪೈರಿಗೆ 45 ದಿನ ಇದೆ. ಇಂಪ್ಲೈಡ್ ವೊಲಾಟಿಲಿಟಿ, ಅಂದರೆ ಐವಿ, ಶೇ. 25. ಬಡ್ಡಿ, ಡಿವಿಡೆಂಡ್ ಸದ್ಯಕ್ಕೆ ಬೇಡ. ಈ ಲೆಕ್ಕದಲ್ಲಿ 1000 ಸ್ಟ್ರೈಕ್‌ನ ಕಾಲ್ ಸುಮಾರು 35ಕ್ಕೆ ಸಿಗುತ್ತದೆ, 1050ರ ಕಾಲ್ ಸುಮಾರು 16.5ಕ್ಕೆ.

ನಾವು 1000ದ ಒಂದು ಕಾಲ್ ಮಾರುತ್ತೇವೆ, 1050ರ ಎರಡು ಕಾಲ್ ಕೊಳ್ಳುತ್ತೇವೆ. 35 ಬಂತು, 33 ಹೋಯಿತು. ಕೈಯಲ್ಲಿ 2 ಪಾಯಿಂಟ್ ಉಳಿಯಿತು. ಇದೇ ಕ್ರೆಡಿಟ್.

ಇದನ್ನು ಒಂದೇ ಪೊಸಿಷನ್ ಅಂತ ನೋಡಿದರೆ ಅರ್ಥವಾಗುವುದು ಕಷ್ಟ. ಎರಡು ತುಂಡು ಮಾಡಿ ನೋಡಿ. ಮೊದಲನೆಯದು, 1000 ಮಾರಿ 1050 ಕೊಂಡ ಬೇರ್ ಕಾಲ್ ಸ್ಪ್ರೆಡ್. ಅದರಿಂದ 18.5 ಬಂತು. ಎರಡನೆಯದು, ಪ್ರತ್ಯೇಕವಾಗಿ ಕೊಂಡ ಒಂದು 1050 ಕಾಲ್. ಅದಕ್ಕೆ 16.5 ಖರ್ಚಾಯಿತು. ಅಂದರೆ ಕಾಲ್ ಕೊಳ್ಳುವ ದುಡ್ಡನ್ನು ನಾವು ಬೇರ್ ಸ್ಪ್ರೆಡ್ ಮಾರಿ ಹೊಂದಿಸಿಕೊಂಡಿದ್ದೇವೆ.

ಈಗ ಡೆಡ್ ಝೋನ್ ಯಾಕೆ ಹುಟ್ಟುತ್ತದೆ ಅನ್ನುವುದು ತಾನಾಗಿ ಕಾಣುತ್ತದೆ. ಬೆಲೆ 1050ಕ್ಕೆ ಬಂದು ನಿಂತರೆ ಬೇರ್ ಸ್ಪ್ರೆಡ್ ಪೂರ್ತಿ 50 ಪಾಯಿಂಟ್ ಕಳೆದುಕೊಂಡಿರುತ್ತದೆ. ಇನ್ನೊಂದು ಕಾಲ್ ಇನ್ನೂ ಎದ್ದೇ ಇರುವುದಿಲ್ಲ, ಅದರ ಬೆಲೆ ಸೊನ್ನೆ. 50ರಲ್ಲಿ ಕೈಲಿದ್ದ 2 ಕಳೆದರೆ ನಷ್ಟ 48. ಅಲ್ಲಿಂದ ಮೇಲೆ ಬೇರ್ ಸ್ಪ್ರೆಡ್‌ನ ನಷ್ಟ ಬೆಳೆಯುವುದಿಲ್ಲ, ಕಾಲ್ ಮಾತ್ರ ದುಡಿಯುತ್ತದೆ. 48 ಪಾಯಿಂಟ್ ದುಡಿದಾಗ, ಅಂದರೆ 1098ರಲ್ಲಿ, ಲೆಕ್ಕ ಸಮ ಆಗುತ್ತದೆ.

ಒಂದು ಮಾರಿ ಎರಡು ಕೊಳ್ಳುವ ಅನುಪಾತಕ್ಕೆ ನೆನಪಿಡಬೇಕಾದ ಸೂತ್ರ ಇದು. ದೊಡ್ಡ ನಷ್ಟ ಅಂದರೆ ಎರಡು ಸ್ಟ್ರೈಕ್‌ಗಳ ಅಂತರದಲ್ಲಿ ಕ್ರೆಡಿಟ್ ಕಳೆದರೆ ಬರುವಷ್ಟು. ಡೆಬಿಟ್ ಕೊಟ್ಟಿದ್ದರೆ ಕಳೆಯುವ ಬದಲು ಕೂಡಿಸಿ. ಮೇಲಿನ ಬ್ರೇಕ್‌ಈವನ್ ಅಂದರೆ ಕೊಂಡ ಸ್ಟ್ರೈಕ್‌ಗೆ ಆ ನಷ್ಟವನ್ನು ಕೂಡಿಸಿದರೆ ಬರುವ ಬೆಲೆ. ಕೆಳಗಿನ ಬ್ರೇಕ್‌ಈವನ್ ಅಂದರೆ ಮಾರಿದ ಸ್ಟ್ರೈಕ್‌ಗೆ ಕ್ರೆಡಿಟ್ ಸೇರಿಸಿದ್ದು, ಇಲ್ಲಿ 1002. ಹಾಗಾದರೆ ಎಕ್ಸ್‌ಪೈರಿ ದಿನ 1002ರಿಂದ 1098ರವರೆಗೆ ಎಲ್ಲಿ ನಿಂತರೂ ನಷ್ಟವೇ. ಆರ್ಡರ್ ಹಾಕುವ ಮೊದಲು ಈ ಮೂರು ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನಿಮ್ಮ ಅಂದಾಜನ್ನು ಅಂಕಿಯಲ್ಲಿ ಹೇಳಿ

"ದೊಡ್ಡ ಮೂವ್ ಬರುತ್ತದೆ" ಅನ್ನುವುದು ಸಾಲದು. ಎಷ್ಟು ದೊಡ್ಡದು, ಎಷ್ಟು ದಿನದೊಳಗೆ? ಮಾರ್ಕೆಟ್ ಎಷ್ಟು ಓಡಾಟವನ್ನು ನಿರೀಕ್ಷಿಸುತ್ತಿದೆ ಅನ್ನುವುದು ಐವಿಯಲ್ಲೇ ಇದೆ. ಲೆಕ್ಕ ಸುಲಭ:

```
ಬೆಲೆ × ಐವಿ × √(ದಿನ ÷ 365)
1000 × 0.25 × √(45 ÷ 365) ≈ 88
```

ಅಂದರೆ 45 ದಿನದಲ್ಲಿ ಬೆಲೆ 88 ಪಾಯಿಂಟ್ ಆಚೆ ಅಥವಾ ಈಚೆ ಒಳಗೇ ಇರುತ್ತದೆ ಅನ್ನುವುದು ಮಾರ್ಕೆಟ್‌ನ ಅಂದಾಜು. ಮೂರರಲ್ಲಿ ಎರಡು ಸಲ ಹಾಗಾಗುತ್ತದೆ ಅಂತ ಇಟ್ಟುಕೊಳ್ಳಿ. ಈಗ ನಮ್ಮ ಬ್ರೇಕ್‌ಈವನ್ ನೋಡಿ, 1098. ಮಾರ್ಕೆಟ್ ನಿರೀಕ್ಷಿಸುವ 1088ಕ್ಕಿಂತಲೂ ಮೇಲಿದೆ. ಇದೇ ಐವಿ ಹಿಡಿದು ಲೆಕ್ಕ ಹಾಕಿದರೆ ಎಕ್ಸ್‌ಪೈರಿಯಲ್ಲಿ 1098 ದಾಟಿರುವ ಸಾಧ್ಯತೆ ಶೇ. 13ರ ಆಸುಪಾಸು.

ನಿಮ್ಮ ಅಂದಾಜು 60 ಅಥವಾ 70 ಪಾಯಿಂಟ್ ಏರಿಕೆ ಆಗಿದ್ದರೆ ಇದು ನಿಮ್ಮ ಪೊಸಿಷನ್ ಅಲ್ಲ. ಡೆಡ್ ಝೋನ್‌ನ ನಡುಮಧ್ಯಕ್ಕೇ ನೀವು ಗುರಿ ಇಟ್ಟ ಹಾಗೆ ಆಗುತ್ತದೆ. ಆಗ ಸುಮ್ನೆ ಒಂದು ಕಾಲ್ ಕೊಳ್ಳುವುದೇ ವಾಸಿ. 1050ರ ಒಂದು ಕಾಲ್ 16.5ಕ್ಕೆ ಕೊಂಡರೆ ಬ್ರೇಕ್‌ಈವನ್ 1066.5, ಹೋದರೆ ಹೋಗುವುದು 16.5 ಮಾತ್ರ. ಬೆಲೆ 1150ಕ್ಕೆ ಹೋದರೆ ಆ ಒಂಟಿ ಕಾಲ್ 83.5 ಕೊಡುತ್ತದೆ, ನಮ್ಮ ಬ್ಯಾಕ್‌ಸ್ಪ್ರೆಡ್ 52 ಕೊಡುತ್ತದೆ. ಹಾಗಾದರೆ ಬ್ಯಾಕ್‌ಸ್ಪ್ರೆಡ್ ಯಾಕೆ ಬೇಕು? ಬೆಲೆ ಏರದೇ ಹೋದಾಗ, ಅಥವಾ ಕುಸಿದಾಗ, ಏನೂ ಕಳೆದುಕೊಳ್ಳಬಾರದು ಅನ್ನುವ ಕಾರಣಕ್ಕೆ. "ಏರಿದರೆ ಜೋರಾಗಿ ಏರುತ್ತದೆ, ಇಲ್ಲದಿದ್ದರೆ ಬೀಳುತ್ತದೆ, ಮಧ್ಯದಲ್ಲಿ ನಿಲ್ಲುವ ಹಾಗೆ ಕಾಣುವುದಿಲ್ಲ" ಅನ್ನುವಂಥ ಸನ್ನಿವೇಶ ಇದಕ್ಕೆ ಹೊಂದುತ್ತದೆ. ದೊಡ್ಡ ತೀರ್ಪು, ದೊಡ್ಡ ಒಪ್ಪಂದ, ಔಷಧಿಯ ಅನುಮತಿ ಇಂಥವು ಎರಡರಲ್ಲಿ ಒಂದಾಗಿ ಮುಗಿಯುತ್ತವೆ ಅಲ್ವಾ, ಅಂಥ ಕಡೆ.

ದಿನಗಳ ವಿಷಯ ಚಿಕ್ಕದು, ಆದರೆ ಮರೆಯಬೇಡಿ. ಮೂವ್ ಎರಡು ಮೂರು ವಾರದಲ್ಲಿ ಬರಬಹುದು ಅನಿಸಿದರೆ ಅದಕ್ಕಿಂತ ಕನಿಷ್ಠ ಮೂರು ವಾರ ಆಚೆಗಿನ ಎಕ್ಸ್‌ಪೈರಿ ಹಿಡಿಯಿರಿ. ಕಾರಣ ಮುಂದೆ ಬರುತ್ತದೆ.

ಸ್ಟ್ರೈಕ್ ಆಯ್ಕೆ: ಅಂತರ ಎಷ್ಟಿರಬೇಕು

ಮಾರುವ ಸ್ಟ್ರೈಕನ್ನು ಈಗಿನ ಬೆಲೆಯ ಹತ್ತಿರ ಇಡುವುದು ವಾಡಿಕೆ. ನಿಜವಾದ ನಿರ್ಧಾರ ಇರುವುದು ಕೊಳ್ಳುವ ಸ್ಟ್ರೈಕ್‌ನಲ್ಲಿ. ಅದೇ ದಿನ, ಅದೇ ಐವಿಯಲ್ಲಿ ಮೂರು ಆಯ್ಕೆ ಪಕ್ಕಪಕ್ಕ ಇಟ್ಟಿದ್ದೇನೆ. ಮೂರರಲ್ಲೂ 1000ದ ಒಂದು ಕಾಲ್ ಮಾರಿದ್ದೇವೆ. 1030ರ ಕಾಲ್ 22.5, 1080ರ ಕಾಲ್ 9.5 ಅಂತ ಹಿಡಿದಿದ್ದೇನೆ.

| ಕೊಂಡ ಎರಡು ಕಾಲ್ | 1000ದ ಕೆಳಗೆ | ದೊಡ್ಡ ನಷ್ಟ | ಮೇಲಿನ ಬ್ರೇಕ್‌ಈವನ್ | 1150ರಲ್ಲಿ |
|---|---|---|---|---|
| 1030 | −10 | −40 | 1070 | +80 |
| 1050 | +2 | −48 | 1098 | +52 |
| 1080 | +16 | −64 | 1144 | +6 |

ಮೇಲಿನಿಂದ ಕೆಳಗೆ ಓದಿ. ಕೊಳ್ಳುವ ಸ್ಟ್ರೈಕ್ ದೂರ ಹೋದಷ್ಟೂ ಬೆಲೆ ಬಿದ್ದಾಗ ಉಳಿಯುವ ದುಡ್ಡು ಜಾಸ್ತಿ. ಆದರೆ ಡೆಡ್ ಝೋನ್ ಆಳವೂ ಆಗುತ್ತದೆ, ಅಗಲವೂ ಆಗುತ್ತದೆ. 1080 ಆರಿಸಿದವರು 16 ಪಾಯಿಂಟ್ ಕ್ರೆಡಿಟ್ ನೋಡಿ ಖುಷಿಪಡುತ್ತಾರೆ. ಆದರೆ ಶೇರು ಶೇ. 15 ಏರಿದರೂ ಅವರಿಗೆ ಸಿಗುವುದು 6 ಪಾಯಿಂಟ್ ಮಾತ್ರ. ಅದು ದೊಡ್ಡ ಓಟಕ್ಕೆ ಕಾಯುವ ಪೊಸಿಷನ್ ಅಲ್ಲವೇ ಅಲ್ಲ. ಹೆಚ್ಚುಕಡಿಮೆ ಬೇರ್ ಸ್ಪ್ರೆಡ್ ಆಗಿಬಿಟ್ಟಿದೆ.

ಹೊಸಬರು ಮಾಡುವ ತಪ್ಪು ಇಲ್ಲೇ. "ಕ್ರೆಡಿಟ್ ಬಂದರೆ ಮಾತ್ರ ಮಾಡು" ಅನ್ನುವ ಮಾತು ಕೇಳಿರುತ್ತಾರೆ. ಕ್ರೆಡಿಟ್ ಬರುವವರೆಗೆ ಸ್ಟ್ರೈಕನ್ನು ದೂರ ತಳ್ಳುತ್ತಾ ಹೋಗುತ್ತಾರೆ. ನನ್ನ ಮಟ್ಟಿಗೆ ಕ್ರೆಡಿಟ್ ಗುರಿ ಅಲ್ಲ. ಮೊದಲು ನಿಮ್ಮ ಗುರಿ ಬೆಲೆ ಬರೆಯಿರಿ. ಆ ಬೆಲೆಯಲ್ಲಿ ಸಿಗುವ ಲಾಭ ದೊಡ್ಡ ನಷ್ಟದಷ್ಟಾದರೂ ಇರಬೇಕು. ಗುರಿ 1150 ಆದರೆ 1050ರ ಜೋಡಿಯಲ್ಲಿ 52ಕ್ಕೆ 48, ಸರಿಯಾಗಿ ಅಂಚಿನಲ್ಲಿದೆ. 1030ರ ಜೋಡಿಯಲ್ಲಿ 80ಕ್ಕೆ 40. ಬೆಲೆ ಬಿದ್ದರೆ 10 ಪಾಯಿಂಟ್ ಹೋಗುತ್ತದೆ, ಹೋಗಲಿ. ಓಟದ ಮೇಲೆ ನಂಬಿಕೆ ಗಟ್ಟಿ ಇದ್ದರೆ ನಾನು ಆ 10 ಕೊಟ್ಟು 1030 ತೆಗೆದುಕೊಳ್ಳುತ್ತೇನೆ. ಬೀಳುವ ಭಯವೂ ಅಷ್ಟೇ ಇದ್ದರೆ 1050.

ಎರಡು ಮಾರಿ ಮೂರು ಕೊಳ್ಳುವ ಅನುಪಾತವೂ ಇದೆ. 1000 ಮತ್ತು 1050ರಲ್ಲೇ ಮಾಡಿದರೆ ಕ್ರೆಡಿಟ್ 20.5ಕ್ಕೆ ಏರುತ್ತದೆ. ಆದರೆ ದೊಡ್ಡ ನಷ್ಟ 79.5, ಬ್ರೇಕ್‌ಈವನ್ 1129.5. ಮತ್ತೆ ಅದೇ ಕಥೆ, ಕ್ರೆಡಿಟ್ ಬೇಕಾದರೆ ಡೆಡ್ ಝೋನ್ ದೊಡ್ಡದಾಗುತ್ತದೆ.

ಡೆಡ್ ಝೋನ್ ಮೊದಲ ದಿನವೇ ಇರುವುದಿಲ್ಲ

ಈ ಭಾಗವನ್ನು ನಿಧಾನವಾಗಿ ಓದಿ. 48 ಪಾಯಿಂಟ್ ನಷ್ಟ ಅನ್ನುವುದು ಎಕ್ಸ್‌ಪೈರಿ ದಿನದ ಚಿತ್ರ. ಅದಕ್ಕೆ ಮುಂಚೆ ಆ ಗುಂಡಿ ಅಷ್ಟು ಆಳ ಇರುವುದಿಲ್ಲ. ನಿಮ್ಮ ಕೈಲಿರುವ ಎರಡು ಕಾಲ್‌ಗಳಲ್ಲಿ ಇನ್ನೂ ಟೈಮ್ ವ್ಯಾಲ್ಯೂ ಇರುತ್ತದೆ, ಅದು ಗುಂಡಿಯನ್ನು ತುಂಬಿಸಿಟ್ಟಿರುತ್ತದೆ.

ಬೆಲೆ ಸರಿಯಾಗಿ 1050ರಲ್ಲಿದೆ, ಐವಿ ಶೇ. 25ರಲ್ಲೇ ಇದೆ ಅಂದುಕೊಳ್ಳಿ. ಎಲ್ಲಕ್ಕಿಂತ ಕೆಟ್ಟ ಜಾಗ ಅದು. ಎಕ್ಸ್‌ಪೈರಿಗೆ 30 ದಿನ ಇದ್ದಾಗ 1050ರ ಕಾಲ್ ಸುಮಾರು 30, 1000ದ ಕಾಲ್ ಸುಮಾರು 61. ನಮ್ಮದು ಎರಡು 30, ಕೊಡಬೇಕಾದ್ದು 61, ಕ್ರೆಡಿಟ್ 2. ಕೂಡಿಸಿದರೆ ಸುಮಾರು 1 ಪಾಯಿಂಟ್ ಲಾಭದಲ್ಲೇ ಇದ್ದೇವೆ! 20 ದಿನ ಉಳಿದಾಗ ನಷ್ಟ 6. 10 ದಿನ ಉಳಿದಾಗ 16. 3 ದಿನ ಉಳಿದಾಗ 29. ಕೊನೆಯ ದಿನ 48.

ಗಮನಿಸಿ, 45 ದಿನದಿಂದ 20 ದಿನದವರೆಗೆ ಹೆಚ್ಚೇನೂ ಹೋಗಿಲ್ಲ. ಕೊನೆಯ 10 ದಿನದಲ್ಲಿ 32 ಪಾಯಿಂಟ್ ಕರಗಿದೆ, ಅದರಲ್ಲೂ ಕೊನೆಯ 3 ದಿನದಲ್ಲೇ 19. ಡೆಡ್ ಝೋನ್ ಅನ್ನುವುದು ಬೆಲೆಯ ಜಾಗ ಮಾತ್ರ ಅಲ್ಲ, ಕ್ಯಾಲೆಂಡರ್‌ನ ಜಾಗವೂ ಹೌದು. ನಾನು ಮೊದಲ ಸಲ ಕಳೆದುಕೊಂಡಿದ್ದು ಹೀಗೇ. 15 ದಿನ ಇರುವಾಗ ನಷ್ಟ ಚಿಕ್ಕದಿತ್ತು. ಬೆಲೆ ಏರುತ್ತಲೇ ಇದೆ, ಇನ್ನೊಂದು ನಾಲ್ಕು ದಿನ ನೋಡೋಣ ಅಂದುಕೊಂಡೆ. ಆ ನಾಲ್ಕು ದಿನಕ್ಕೆ ಮತ್ತೆ ನಾಲ್ಕು ಸೇರಿಕೊಂಡಿತು.

ಆದ್ದರಿಂದ ಹೊರಬರುವ ದಿನವನ್ನು ಒಳಗೆ ಹೋಗುವ ದಿನವೇ ಬರೆಯಿರಿ. ನನ್ನ ನಿಯಮ ಹೀಗಿದೆ. 20 ದಿನ ಉಳಿದಾಗ ಬೆಲೆ ಎರಡು ಸ್ಟ್ರೈಕ್‌ಗಳ ನಡುವೆ ಅಥವಾ ಕೊಂಡ ಸ್ಟ್ರೈಕ್‌ನ ಸ್ವಲ್ಪ ಮೇಲೆ ಇದ್ದರೆ ಪೂರ್ತಿ ಮುಚ್ಚುತ್ತೇನೆ. ಮೇಲಿನ ಲೆಕ್ಕದಲ್ಲಿ ಅದು 6 ಪಾಯಿಂಟ್ ನಷ್ಟ. 48 ಕಾಯುತ್ತಿರುವಾಗ 6 ಕೊಟ್ಟು ಬರುವುದು ಯಾವ ರೀತಿಯಲ್ಲೂ ಸೋಲಲ್ಲ. ಬೆಲೆ 1000ಕ್ಕಿಂತ ಸಾಕಷ್ಟು ಕೆಳಗೆ ಹೋಗಿದ್ದರೆ ಅವಸರ ಇಲ್ಲ, ಮಾರಿದ ಕಾಲ್ ಸಾಯಲು ಬಿಡಬಹುದು. ಆದರೂ ಅದು ಕೆಲವೇ ಪಾಯಿಂಟ್‌ಗೆ ಸಿಗುತ್ತಿದ್ದರೆ ವಾಪಸ್ ಕೊಂಡುಬಿಡಿ. ಆಮೇಲೆ ಉಳಿದ ಎರಡು ಕಾಲ್ ಯಾವ ಅಪಾಯವೂ ಇಲ್ಲದೆ ಕೈಲಿರುತ್ತವೆ. ತಡವಾಗಿ ಒಂದು ಓಟ ಬಂದರೂ ಅದು ನಿಮ್ಮದೇ.

ಐವಿ ಏರಿಕೊಂಡಿರುವಾಗ ಕೊಂಡರೆ

ನಾವು ಒಂದು ಮಾರಿ ಎರಡು ಕೊಂಡಿದ್ದೇವೆ. ಐವಿ ಒಂದು ಪಾಯಿಂಟ್ ಏರಿದರೆ ನಮಗೆ ಸುಮಾರು 1 ಪಾಯಿಂಟ್ ಲಾಭ, ಇಳಿದರೆ ಅಷ್ಟೇ ನಷ್ಟ. ಕೇಳಲು ಚಿಕ್ಕದು. ಆದರೆ ದೊಡ್ಡ ಸುದ್ದಿಯ ಹಿಂದಿನ ದಿನ ಐವಿ ಎಲ್ಲಿರುತ್ತದೆ? ಶೇ. 25ರ ಬದಲು 35 ಇದೆ ಅನ್ನಿ. ಆಗ 1000ದ ಕಾಲ್ 49, 1050ರದ್ದು 29. ಕ್ರೆಡಿಟ್ ಹೋಗಿ 9 ಪಾಯಿಂಟ್ ಡೆಬಿಟ್ ಬಂತು. ದೊಡ್ಡ ನಷ್ಟ 59, ಬ್ರೇಕ್‌ಈವನ್ 1109.

ಮರುದಿನ ಸುದ್ದಿ ಬಂತು, ಶೇರು ಒಂದೇ ದಿನದಲ್ಲಿ ಶೇ. 5 ಏರಿ 1050ಕ್ಕೆ ಹೋಯಿತು, ಐವಿ 25ಕ್ಕೆ ಇಳಿಯಿತು. ನಿಮ್ಮ ಪೊಸಿಷನ್‌ಗೆ ಈಗ ಸುಮಾರು 6.5 ಸಿಗುತ್ತದೆ. ಕೊಟ್ಟಿದ್ದು 9. ಒಂದೇ ರಾತ್ರಿಯಲ್ಲಿ ಶೇ. 5 ಏರಿದರೂ 2.5 ಪಾಯಿಂಟ್ ನಷ್ಟ. ಏರದೇ ಹೋಗಿದ್ದರೆ 11ಕ್ಕೂ ಜಾಸ್ತಿ ನಷ್ಟ.

ಹಾಗಾಗಿ ಅಟ್ ದಿ ಮನಿ ಹತ್ತಿರದ ಒಂದು ಕಾಲ್ ಮಾರಿದರೆ ಮೇಲಿನ ಎರಡು ಕಾಲ್‌ನ ಖರ್ಚು ಹುಟ್ಟುತ್ತಿಲ್ಲ ಅಂತಾದಾಗ ಒಮ್ಮೆ ನಿಂತು ನೋಡಿ. ಸ್ಟ್ರೈಕ್ ತೀರಾ ಹತ್ತಿರ ಇಟ್ಟಿದ್ದೀರಾ, ಅಥವಾ ಐವಿ ಮೇಲಿದೆಯಾ? ಎರಡನೆಯದಾದರೆ ದೊಡ್ಡ ಮೂವ್ ಅನ್ನು ಮಾರ್ಕೆಟ್ ಆಗಲೇ ಬೆಲೆಗೆ ಸೇರಿಸಿಬಿಟ್ಟಿದೆ. ಆ ಶೇರಿನ ಕಳೆದ ಒಂದು ವರ್ಷದ ಐವಿ ಚಾರ್ಟ್ ತೆರೆದು, ಈಗಿನದು ಕೆಳಗಿನ ಅರ್ಧದಲ್ಲಿದ್ದರೆ ಮಾತ್ರ ಮುಂದೆ ಹೋಗಿ. ಬ್ಯಾಕ್‌ಸ್ಪ್ರೆಡ್ ಹಾಕಲು ಒಳ್ಳೆಯ ಸಮಯ ಯಾರೂ ಆ ಸುದ್ದಿಯ ಬಗ್ಗೆ ಮಾತಾಡದೇ ಇರುವಾಗ.

ಪುಟ್ ಬ್ಯಾಕ್‌ಸ್ಪ್ರೆಡ್‌ಗೂ ಇದೇ ಲೆಕ್ಕ, ಕನ್ನಡಿಯಲ್ಲಿ ನೋಡಿದ ಹಾಗೆ. 1000ದ ಪುಟ್ ಒಂದು ಮಾರಿ, 950ರ ಪುಟ್ ಎರಡು ಕೊಳ್ಳುವುದು. ಒಂದು ವ್ಯತ್ಯಾಸ ಇದೆ. ಶೇರು ಸೂಚ್ಯಂಕಗಳಲ್ಲಿ ಕೆಳಗಿನ ಸ್ಟ್ರೈಕ್‌ನ ಪುಟ್‌ಗಳ ಐವಿ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಹಾಗಾಗಿ ಕ್ರೆಡಿಟ್ ಸಿಗುವುದು ಕಷ್ಟ, ಕೊಳ್ಳುವುದು ದುಬಾರಿ. ಅದಕ್ಕೆ ಪ್ರತಿಯಾಗಿ, ಮಾರ್ಕೆಟ್ ಕುಸಿದಾಗ ಐವಿ ಹೆಚ್ಚಾಗಿ ಜಿಗಿಯುತ್ತದೆ, ಅದು ನಿಮ್ಮ ಪರ ಕೆಲಸ ಮಾಡುತ್ತದೆ.

ಆರ್ಡರ್ ಹಾಕುವಾಗ

ಮೂರು ಕಾಂಟ್ರಾಕ್ಟ್‌ಗಳನ್ನು ಒಂದೇ ಕಾಂಬೋ ಆರ್ಡರ್ ಆಗಿ, ಲಿಮಿಟ್ ಬೆಲೆಯಲ್ಲಿ ಹಾಕಿ. ಆ ಸೌಲಭ್ಯ ಇಲ್ಲದಿದ್ದರೆ ಮೊದಲು ಎರಡು ಕೊಳ್ಳಿ, ಆಮೇಲೆ ಒಂದು ಮಾರಿ. ಮೊದಲೇ ಮಾರಿದರೆ ಆ ಕೆಲವು ನಿಮಿಷ ನಿಮ್ಮ ಕೈಲಿರುವುದು ರಕ್ಷಣೆ ಇಲ್ಲದ ಶಾರ್ಟ್ ಕಾಲ್. ಮಾರ್ಜಿನ್ ಕೂಡ ಅಷ್ಟೊತ್ತು ಜಾಸ್ತಿ ಕೇಳುತ್ತದೆ. ಮುಚ್ಚುವಾಗ ಕ್ರಮ ತಿರುಗಿಸಿ, ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ.

ಬಿಡ್ ಮತ್ತು ಆಸ್ಕ್ ನಡುವಿನ ಅಂತರ ನೋಡಿ. ಒಳಗೆ ಹೋಗುವಾಗ ಮೂರು, ಹೊರಗೆ ಬರುವಾಗ ಮೂರು, ಒಟ್ಟು ಆರು ಸಲ ಅದು ನಿಮ್ಮ ಜೇಬಿಗೆ ಕೈ ಹಾಕುತ್ತದೆ. ಪ್ರತಿ ಸಲ ಅರ್ಧ ಪಾಯಿಂಟ್ ಅಂದರೂ 3 ಪಾಯಿಂಟ್, ನಮ್ಮ ಕ್ರೆಡಿಟ್‌ಗಿಂತ ಜಾಸ್ತಿ. ವ್ಯವಹಾರ ಕಡಿಮೆ ಇರುವ ಸ್ಟ್ರೈಕ್‌ಗಳಲ್ಲಿ ಇದನ್ನು ಮಾಡಲೇಬೇಡಿ.

ಇನ್ನೊಂದು ಎಚ್ಚರಿಕೆ. ಅಮೆರಿಕನ್ ಶೈಲಿಯ ಆಪ್ಷನ್ ಆಗಿದ್ದರೆ, ನೀವು ಮಾರಿದ ಕಾಲ್ ಇನ್ ದಿ ಮನಿ ಆದಾಗ ಎಕ್ಸ್‌ಪೈರಿಗೆ ಮುಂಚೆಯೇ ಅಸೈನ್ ಆಗಬಹುದು. ಡಿವಿಡೆಂಡ್‌ನ ಹಿಂದಿನ ದಿನ ಆ ಅಪಾಯ ಹೆಚ್ಚು. ಡೆಲಿವರಿ ಸೆಟಲ್‌ಮೆಂಟ್ ಇರುವ ಶೇರುಗಳಲ್ಲಿ ಎಕ್ಸ್‌ಪೈರಿ ದಿನ ಬೆಲೆ 1045ರಲ್ಲಿ ನಿಂತರೆ ಕೊಂಡ ಎರಡೂ ಕಾಲ್ ಸೊನ್ನೆ, ಮಾರಿದ ಒಂದಕ್ಕೆ ಶೇರು ಕೊಡುವ ಹೊಣೆ ನಿಮ್ಮದು.

ಓಟ ಬಂದೇ ಬಿಟ್ಟರೆ

15ನೇ ದಿನ ಬೆಲೆ 1120 ತಲುಪಿತು ಅನ್ನಿ. ಇನ್ನೂ 30 ದಿನ ಇದೆ. ಐವಿ ಅಷ್ಟೇ ಇದ್ದರೆ 1050ರ ಕಾಲ್ ಸುಮಾರು 78, 1000ದ್ದು 122. ಪೂರ್ತಿ ಮುಚ್ಚಿದರೆ 36 ಪಾಯಿಂಟ್ ಲಾಭ. ಇದೇ 1120ರಲ್ಲಿ ಎಕ್ಸ್‌ಪೈರಿಯವರೆಗೆ ನಿಂತರೆ 22 ಮಾತ್ರ. ಬೇಗ ಬಂದ ಓಟಕ್ಕೆ ಬೆಲೆ ಜಾಸ್ತಿ.

ಇಲ್ಲಿ ನಿಮಗೆ ಮೂರು ದಾರಿ. ಓಟ ಮುಗಿದಿಲ್ಲ ಅನಿಸಿದರೆ ಇಟ್ಟುಕೊಳ್ಳಿ, ಆದರೆ 20 ದಿನದ ನಿಯಮ ಇನ್ನೂ ಜಾರಿಯಲ್ಲಿದೆ. ಮುಗಿಯಿತು ಅನಿಸಿದರೆ 36 ತೆಗೆದುಕೊಂಡು ಹೊರಡಿ. ಮೂರನೆಯದು, ವಾಪಸ್ ಬೀಳುತ್ತದೆ ಅನಿಸಿದರೆ, ಒಂದು 1050 ಕಾಲ್ ಮಾತ್ರ 78ಕ್ಕೆ ಮಾರಿ. ಈಗ ಕೈಲಿ 2 ಸೇರಿ 80 ಇದೆ. ಉಳಿದಿದ್ದು ಆರಂಭದಲ್ಲಿ ನೋಡಿದ ಅದೇ ಬೇರ್ ಸ್ಪ್ರೆಡ್. ಅದು ಕಳೆಯಬಹುದಾದದ್ದು ಹೆಚ್ಚೆಂದರೆ 50. ಏನೇ ಆದರೂ 30 ಪಾಯಿಂಟ್ ನಿಮ್ಮದೇ. ಬೆಲೆ 1000ದ ಕೆಳಗೆ ವಾಪಸ್ ಬಂದರೆ 80 ಪೂರ್ತಿ. ಇದಕ್ಕಾಗಿ ಬಿಟ್ಟುಕೊಡುವುದು ಇವತ್ತಿನ 36ರಲ್ಲಿ 6 ಪಾಯಿಂಟ್, ಮತ್ತು 1120ರ ಮೇಲಿನ ಓಟ. ಮಧ್ಯದಲ್ಲಿ, 1050ರಲ್ಲಿ ಬಂದು ನಿಂತರೂ 30 ಇದೆ. ನಷ್ಟದ ಆ ಗುಂಡಿ ಈಗ ಈ ಪೊಸಿಷನ್‌ನಲ್ಲಿ ಎಲ್ಲೂ ಇಲ್ಲ.